ಹೈಕು: ಭರಣಿ ಮಳೆಯ ಒಂದು ಹನಿ, ಮೂರು ಸಾಲು

ಮೂರು ಸಾಲಿದ್ದರೆ ಹೈಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಂದು ಉದ್ದ ವಾಕ್ಯ ಬರೆದು ಎರಡು ಕಡೆ ಮುರಿದರೂ ಮೂರು ಸಾಲು ಆಗುತ್ತೆ, ಅದರಲ್ಲೇನಿದೆ? ಹೈಕು ನಿಲ್ಲೋದು ಕಣ್ಣಿಗೆ ಬಿದ್ದ ಒಂದೇ ಒಂದು ಸಂಗತಿಯ ಮೇಲೆ.

ಜಪಾನಿನಲ್ಲಿ ಇದು ಮೊದಲು ಬಿಡಿ ಕವಿತೆಯಾಗಿರಲಿಲ್ಲ. ಹಲವರು ಸೇರಿ ಕಟ್ಟುತ್ತಿದ್ದ ಸರಣಿ ಪದ್ಯದ ಮೊದಲ ತುಣುಕಾಗಿತ್ತು. ಕವಿ ಬಾಶೋ (1644–1694) ಕಾಲಕ್ಕೆ ಆ ತುಣುಕಿಗೆ ತನ್ನದೇ ತೂಕ ಬಂದಿತ್ತು. ಆಮೇಲೆ ಮಸವೋಕಾ ಶಿಕಿ (1867–1902) ಅದನ್ನು ಬಿಡಿ ಕವಿತೆಯಾಗಿ ನಿಲ್ಲಿಸಿ ಹೈಕು ಅಂತ ಕರೆದ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಅಂತ ಹಟ ಹಿಡಿದವನೂ ಅವನೇ.

ಈಗ ನಮ್ಮ ಕೋಲಾರದ ಕಡೆಯ ಮಳೆ ತಗೊಳ್ಳೋಣ. ಮಳೆ ಅಂದ ತಕ್ಷಣ ಕೈಗೆ ಬರೋದು ಇಂಥದ್ದು:

ಬಾಯಾರಿದ ಭೂಮಿ
ಮೊದಲ ಮಳೆ ಬಂದು
ಮನಸ್ಸು ತಣಿಯಿತು

ಇದನ್ನು ಬರೆಯೋಕೆ ಮಳೆ ನೋಡಲೇಬೇಕಿಲ್ಲ, ಫ್ಯಾನ್ ಕೆಳಗೆ ಕೂತು ಸುಮ್ನೆ ಬರೆಯಬಹುದು. ಎಲ್ಲಿಯ ಮಳೆ, ಎಷ್ಟು ಮಳೆ, ಯಾವ ನೆಲ, ಒಂದೂ ಗೊತ್ತಾಗಲ್ಲ. ಮನಸ್ಸು ತಣಿಯಿತು ಅಂತ ಕವಿಯೇ ಹೇಳಿಬಿಟ್ಟ ಮೇಲೆ ಓದೋರಿಗೆ ಕೆಲಸವೂ ಉಳಿಯಲ್ಲ.

ಹಾಗಾದರೆ ನೋಡೋದು ಏನನ್ನ? ಏಪ್ರಿಲ್ ಕೊನೆಯಲ್ಲಿ ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ದಾರಿ ನೆನೆಸಿಕೊಳ್ಳಿ. ಟ್ರ್ಯಾಕ್ಟರ್ ಓಡಾಡಿ ಓಡಾಡಿ ಮಣ್ಣು ರಾಗಿಹಿಟ್ಟಿನಷ್ಟು ನುಣ್ಣಗಾಗಿರುತ್ತೆ. ಅಂಥ ಒಣ ಧೂಳಿಗೆ ಮೊದಲ ಸಣ್ಣ ಹನಿಗಳು ಬಿದ್ದಾಗ ನೀರು ತಕ್ಷಣ ಇಂಗಲ್ಲ. ಹನಿ ಸುತ್ತ ಧೂಳು ಮೆತ್ತಿಕೊಂಡು ಕಂದು ಬಣ್ಣದ ಪುಟ್ಟ ಉಂಡೆಯಾಗಿ, ಇಳಿಜಾರು ಸಿಕ್ಕರೆ ಟೈರ್ ಗುರುತಿನೊಳಕ್ಕೆ ಉರುಳುತ್ತೆ. ಒಳಗೆ ನೀರು, ಹೊರಗೆ ಒಣ ಮಣ್ಣು. ದಪ್ಪ ಹನಿ ಜೋರಾಗಿ ಬಿದ್ದರೆ ಹೀಗಾಗಲ್ಲ, ಗುಳಿ ಬಿದ್ದು ಧೂಳು ಸಿಡಿಯುತ್ತೆ. ಮಳೆ ಸ್ವಲ್ಪ ಹಿಡಿದರೂ ಮುಗೀತು, ಎಲ್ಲ ಕೆಸರು. ಅಂದರೆ ಇದು ಕಾಣೋದು ಮಳೆ ಶುರುವಾದ ಸ್ವಲ್ಪ ಹೊತ್ತು ಮಾತ್ರ, ಅದೂ ಬಗ್ಗಿ ನೋಡಿದವರಿಗೆ.

ಇದನ್ನು ಬರೆಯೋಕೆ ಹೋದರೆ ಮೊದಲು ಬರೋದು ‘ಮುತ್ತಿನಂಥ ಹನಿ’. ಬೇಡ. ಮುತ್ತು ಹೊಳೆಯುತ್ತೆ, ಈ ಹನಿಯ ವಿಶೇಷವೇ ಹೊಳಪು ಕಳಕೊಂಡದ್ದು. ಹೋಲಿಕೆ ತಂದ ಕೂಡಲೇ ಕಂಡದ್ದು ಮುಚ್ಚಿಹೋಗುತ್ತೆ. ಹೋಲಿಕೆ ಬಿಟ್ಟು ಬರೆದರೆ:

ಭರಣಿ ಮಳೆ—
ಧೂಳು ಮೆತ್ತಿದ ಹನಿ
ಉರುಳುತ್ತಿದೆ

ಕೊನೆಯ ಸಾಲಿಗೆ ‘ಒಡೆಯಲಿಲ್ಲ’ ಅಂತಲೂ ಹಾಕಬಹುದಿತ್ತು. ಆದರೆ ಅದು ಆಗದೇ ಇದ್ದದ್ದನ್ನು ಹೇಳುತ್ತೆ, ನೋಡಿ ಆಶ್ಚರ್ಯ ಪಡಿ ಅಂತ ತಿವಿದ ಹಾಗಿರುತ್ತೆ. ಉರುಳುತ್ತಿದೆ ಅಂದರೆ ಸಾಕು, ಒಡೆದಿಲ್ಲ ಅನ್ನೋದು ಓದೋರಿಗೇ ಹೊಳೆಯುತ್ತೆ.

ಮೊದಲ ಸಾಲಿನ ಗೆರೆ ಅಲಂಕಾರಕ್ಕಲ್ಲ. ಜಪಾನಿ ಹೈಕುವಿನಲ್ಲಿ ಕವಿತೆಯನ್ನು ಎರಡಾಗಿ ತುಂಡರಿಸೋಕೆ ‘ಕಿರೇಜಿ’ ಅನ್ನೋ ಪದಗಳಿವೆ. ನಮ್ಮಲ್ಲಿ ಅಂಥವಿಲ್ಲ, ಹಾಗಾಗಿ ನಾಮಪದಕ್ಕೆ ನಿಲ್ಲಿಸಿ ಒಂದು ಗೆರೆ ಎಳೆದರೆ ಕೆಲಸ ಆಗುತ್ತೆ. ಒಂದು ಕಡೆ ಇಡೀ ಮಳೆ, ಇನ್ನೊಂದು ಕಡೆ ಒಂದೇ ಹನಿ.

ಇನ್ನು ಮೂರು ಸಾಲಿಗೆ ಕ್ರಮವಾಗಿ ಐದು, ಏಳು, ಐದು ಅನ್ನೋ 5-7-5 ಲೆಕ್ಕ. ಮೇಲಿನದು ಅಕ್ಷರ ಎಣಿಸಿದರೆ ಸರಿಯಾಗಿದೆ. ಆದರೆ ಜಪಾನಿಯವರು ಎಣಿಸೋದು ಹೆಚ್ಚುಕಮ್ಮಿ ನಮ್ಮ ಮಾತ್ರೆಯಂಥದ್ದನ್ನ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಆ ಲೆಕ್ಕದಲ್ಲಿ ‘ಧೂಳು ಮೆತ್ತಿದ ಹನಿ’ಗೆ ಒಂಬತ್ತಾಗುತ್ತೆ. ನನ್ನ ಕೇಳಿದರೆ, ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲೆಕ್ಕ ತುಂಬಿಸೋಕೆ ಸುಮ್ನೆ ಒಂದು ‘ಪುಟ್ಟ’ ತುರುಕೋದಕ್ಕಿಂತ ಲೆಕ್ಕ ತಪ್ಪಿದರೇ ವಾಸಿ.

ಋತುವನ್ನು ಹೇಳೋ ಪದಕ್ಕೆ ಅವರು ‘ಕಿಗೋ’ ಅಂತಾರೆ. ಈ ವಿಷಯದಲ್ಲಿ ನಾವು ಶ್ರೀಮಂತರು. ಮಳೆ ನಕ್ಷತ್ರಗಳ ಹೆಸರು ನಮ್ಮ ರೈತರ ಬಾಯಲ್ಲೇ ಇವೆ, ಒಂದೊಂದೂ ಹದಿಮೂರು ಹದಿನಾಲ್ಕು ದಿನದ್ದು. ಭರಣಿ ಅಂದರೆ ಏಪ್ರಿಲ್ ಕೊನೆ, ಮೇ ಶುರು. ಬಿಸಿಲು, ಒಣ ನೆಲ, ಮರದಲ್ಲಿ ಮಾವಿನಕಾಯಿ, ಇಷ್ಟೂ ಒಂದು ಪದದಲ್ಲೇ ಬಂತಲ್ವಾ? ಆದರೆ ಹೆಸರು ಚೆನ್ನಾಗಿದೆ ಅಂತ ಎಲ್ಲಿ ಬೇಕಾದರೂ ಅಂಟಿಸೋಕಾಗಲ್ಲ. ಇದೇ ಹನಿಯ ಮೇಲೆ ‘ಉತ್ತರೆ ಮಳೆ’ ಅಂತ ಬರೆದರೆ ರೈತರು ನಗ್ತಾರೆ. ಉತ್ತರೆ ಬರೋದು ಸೆಪ್ಟೆಂಬರ್ ನಡುವೆ, ಮಳೆ ಜಾಸ್ತಿ ಇರೋ ಕಾಲ, ಮಳೆಗಾಲ ಕೈ ಕೊಡದಿದ್ದರೆ ನೆಲ ಆಗಲೇ ನೆಂದಿರುತ್ತೆ. ಉರುಳೋಕೆ ಧೂಳೆಲ್ಲಿ? ಉತ್ತರೆ ಮಳೆ ಬೇಕಿದ್ದರೆ ಟೊಮೆಟೊ ಹೊಲಕ್ಕೆ ಹೋಗಿ. ಮಣ್ಣಿಗೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಿನ ಮೇಲೆ ಬಿದ್ದ ನೀರೆಲ್ಲ ಸಾಲಿನ ಕಾಲುವೆಗೆ ಜಾರುತ್ತಿರುತ್ತೆ, ಗಿಡದ ಬುಡದ ತೂತಿನಲ್ಲಿ ಮಾತ್ರ ಮಣ್ಣು ಒದ್ದೆಯಾಗುತ್ತೆ. ಅದು ಬೇರೆಯೇ ಮೂರು ಸಾಲು.