ಕಂಠನಾಡಿಗಿಂತ ಹತ್ತಿರ ಇದ್ದಾನೆ ಅಂದರೆ ನಮ್ಮೊಳಗೇ ಇದ್ದಾನೆ ಅಂತಲೇ?

ಪ್ರಶ್ನೆ: ದೇವರು ಮನುಷ್ಯನ ಕಂಠನಾಡಿಗಿಂತ ಹತ್ತಿರ ಇದ್ದಾನೆ ಎಂದು ಕುರ್‌ಆನ್ ಹೇಳುತ್ತದೆ. ಸೂಫಿಗಳು ಇದನ್ನು ದೇವರು ನಮ್ಮೊಳಗೇ ಇದ್ದಾನೆ ಎಂದು ಓದುತ್ತಾರಾ? ಹಾಗಿದ್ದರೆ ಯಾಕೆ ಸಿಗುವುದಿಲ್ಲ?

ಇದು ಕುರ್‌ಆನ್‌ನ ಅಧ್ಯಾಯವಾದ ಸೂರಾ ಕಾಫ್‌ನ 16ನೇ ಆಯತ್, ಅಂದರೆ ವಚನ. ‘ಮನುಷ್ಯನನ್ನು ನಾವೇ ಸೃಷ್ಟಿಸಿದೆವು, ಅವನ ಮನಸ್ಸು ಪಿಸುಗುಟ್ಟುವುದೂ ನಮಗೆ ಗೊತ್ತು’ ಎಂದ ಮೇಲೆ ಈ ಮಾತು ಬರುತ್ತದೆ. ಮೂಲದಲ್ಲಿರುವುದು ‘ಹಬ್ಲುಲ್ ವರೀದ್’. ಹಬ್ಲ್ ಅಂದರೆ ಹಗ್ಗ, ವರೀದ್ ಅಂದರೆ ಕೊರಳಿನ ರಕ್ತನಾಳ. ಮುಂದಿನ ಆಯತ್‌ನಲ್ಲಿ ಮನುಷ್ಯನ ಎಡಬಲಕ್ಕೆ ಕುಳಿತು ಬರೆದುಕೊಳ್ಳುವ ಇಬ್ಬರು ದೇವದೂತರು ಬರುತ್ತಾರೆ. ಹಾಗಾಗಿ ಇಬ್ನ್ ಕಸೀರ್‌ರಂಥ ವ್ಯಾಖ್ಯಾನಕಾರರು ಇಲ್ಲಿ ಹತ್ತಿರ ಇರುವವರು ದೇವದೂತರು ಎಂದು ಓದಿದರು. ಸೂಫಿಗಳು ಆ ‘ನಾವು’ ಎಂಬುದನ್ನು ದೇವರ ಮಾತಾಗಿಯೇ ಹಿಡಿದುಕೊಂಡರು.

ಆದರೆ ‘ಒಳಗೆ’ ಎಂಬ ಪದದ ಬಗ್ಗೆ ಅವರಿಗೆ ಎಚ್ಚರ ಜಾಸ್ತಿ. ಪಾತ್ರೆಯಲ್ಲಿ ನೀರು ಇದ್ದ ಹಾಗೆ ದೇವರು ದೇಹದೊಳಗೆ ಇದ್ದಾನೆ ಎಂಬುದಕ್ಕೆ ‘ಹುಲೂಲ್’ ಎನ್ನುತ್ತಾರೆ. ಹುಜ್ವೀರಿಯಂಥ ಸೂಫಿಗಳೇ ಅದನ್ನು ತಪ್ಪೆಂದರು. ಈ ಹತ್ತಿರ ಎರಡು ವಸ್ತುಗಳ ನಡುವಿನ ಹತ್ತಿರದಂತಲ್ಲ ಎಂದು ಧರ್ಮಚಿಂತಕ ಗಜಾಲಿ ಬರೆದರು. ಅಂದರೆ ಗೇಣು, ಮೊಳದಲ್ಲಿ ಅಳೆಯುವಂಥದ್ದಲ್ಲ.

ಹಾಗಾದರೆ ಸಿಗದಿರುವುದು ಯಾಕೆ? ಇದಕ್ಕೆ ನನಗೆ ತುಂಬ ಇಷ್ಟವಾದ ಉತ್ತರ ರೂಮಿಯದು. ಅವನ ಕಾವ್ಯ ಮಸ್ನವಿಯ ಆರನೇ ಸಂಪುಟದಲ್ಲಿ ಒಬ್ಬ ಬಡ ಫಕೀರ ಇದ್ದಾನೆ. ಕನಸಿನ ಸೂಚನೆಯಂತೆ ಅವನಿಗೆ ಒಂದು ಚೀಟಿ ಸಿಗುತ್ತದೆ: ‘ಊರಾಚೆಯ ಗುಮ್ಮಟಕ್ಕೆ ಬೆನ್ನು ಮಾಡಿ, ನಮಾಜಿನ ದಿಕ್ಕಾದ ಕಿಬ್ಲಾ ಕಡೆ ತಿರುಗಿ ಬಿಲ್ಲಿಗೆ ಬಾಣ ಇಡು. ಅದು ಬಿದ್ದಲ್ಲಿ ನಿಧಿ ಇದೆ.’ ಅವನು ಬಲ ಹಾಕಿ ಬಾಣ ಬಿಟ್ಟ, ಬಿದ್ದಲ್ಲಿ ಅಗೆದ, ಏನೂ ಸಿಗಲಿಲ್ಲ. ಮತ್ತೆ ಬಿಟ್ಟ, ಮತ್ತೆ ಅಗೆದ. ಸುದ್ದಿ ರಾಜನಿಗೆ ಹೋಯಿತು. ಅವನು ತಿಂಗಳುಗಟ್ಟಲೆ ಹುಡುಕಿಸಿ, ಬೇಸತ್ತು ಚೀಟಿಯನ್ನು ವಾಪಸ್ ಕೊಟ್ಟ.

ಕೊನೆಗೆ ಫಕೀರ ಸೋತು ದೇವರ ಮುಂದೆ ಅತ್ತಾಗ ಅವನಿಗೆ ಹೊಳೆಯಿತು. ಚೀಟಿಯಲ್ಲಿ ಬಾಣ ಇಡು ಅಂತಷ್ಟೇ ಇತ್ತು, ಹೆದೆ ಎಳೆ ಅಂತ ಇರಲಿಲ್ಲ ಅಲ್ವಾ! ಸುಮ್ನೆ ಬಿಟ್ಟಿದ್ದರೆ ಬಾಣ ಕಾಲ ಬುಡದಲ್ಲೇ ಬೀಳುತ್ತಿತ್ತು. ಇಲ್ಲೇ ರೂಮಿ ಆಯತ್ ನೆನಪಿಸುತ್ತಾನೆ: ಕಂಠನಾಡಿಗಿಂತ ಹತ್ತಿರ ಇದ್ದವನನ್ನು ಬಿಟ್ಟು ನೀನು ಯೋಚನೆಯ ಬಾಣವನ್ನು ದೂರ ಎಸೆದೆ.

ಇಲ್ಲಿ ಫಕೀರನ ಶ್ರಮವೇ ಅವನನ್ನು ನಿಧಿಯಿಂದ ದೂರ ಒಯ್ದದ್ದು. ಬಲ ಹೆಚ್ಚಿದಷ್ಟೂ ಬಾಣ ಆಚೆ ಬಿತ್ತು. ಹಾಗಂತ ಕೈಕಟ್ಟಿ ಕೂರು ಎಂದು ರೂಮಿ ಹೇಳುತ್ತಿಲ್ಲ. ಬಾಣ ಇಡಬೇಕು, ಅಗೆಯಲೂ ಬೇಕು. ಬಿಡಬೇಕಾದದ್ದು ತನ್ನ ಬಿಲ್ಲುವಿದ್ಯೆಯ ಮೇಲಿನ ಭರವಸೆಯನ್ನು.

ಇದೇ ಆಯತ್ ಬಗ್ಗೆ ಮಾತಾಡುತ್ತಾ ಪರ್ಷಿಯನ್ ಕವಿ ಸಾದಿ ಹೇಳಿದ್ದೂ ಇದನ್ನೇ: ‘ಗೆಳೆಯ ನನಗಿಂತ ನನಗೆ ಹತ್ತಿರ. ವಿಚಿತ್ರ ನೋಡಿ, ನಾನೇ ಅವನಿಂದ ದೂರ.’