ನೆಗೆಟಿವ್ ಇನ್ವರ್ಶನ್: ‘ಹಾರ್ಡ್‌ಲಿ ಹಿ ಹ್ಯಾಡ್ ಅರೈವ್ಡ್’ ಯಾಕೆ ತಪ್ಪು?

ಇಂಗ್ಲಿಷ್‌ನ ಸಾಧಾರಣ ಹೇಳಿಕೆಯಲ್ಲಿ ಕರ್ತೃ ಮೊದಲು ಬರುತ್ತದೆ, ಕ್ರಿಯಾಪದ ಆಮೇಲೆ. ಪ್ರಶ್ನೆ ಕೇಳುವಾಗ ಮಾತ್ರ ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಹೋಗುತ್ತದೆ: ‘ಹಿ ಹ್ಯಾಡ್’ ಇದ್ದದ್ದು ‘ಹ್ಯಾಡ್ ಹಿ’ ಆಗುತ್ತದೆ. ಆದರೆ ಪ್ರಶ್ನೆಯೇ ಅಲ್ಲದ ಕೆಲವು ವಾಕ್ಯಗಳಲ್ಲೂ ಹೀಗೆ ಅದಲುಬದಲಾಗುತ್ತದೆ. ಹಾರ್ಡ್‌ಲಿ, ನೆವರ್, ನಾಟ್ ಓನ್ಲಿಯಂಥ ನಿಷೇಧದ ಪದಗಳನ್ನು ವಾಕ್ಯದ ಮೊದಲಿಗೆ ತಂದಿಟ್ಟರೆ ಸಾಮಾನ್ಯವಾಗಿ ಹೀಗಾಗುತ್ತದೆ. ಇದಕ್ಕೇ ನೆಗೆಟಿವ್ ಇನ್ವರ್ಶನ್ ಎನ್ನುತ್ತಾರೆ.

ಈಗ ‘ಹಾರ್ಡ್‌ಲಿ ಹಿ ಹ್ಯಾಡ್ ಅರೈವ್ಡ್ ವೆನ್ ದ ಫೋನ್ ರ್‍ಯಾಂಗ್’ ಎಂಬ ವಾಕ್ಯ ನೋಡಿ. ಅವನು ಬಂದನೋ ಇಲ್ಲವೋ, ಫೋನ್ ಬಡಿದುಕೊಂಡಿತು ಅಂತ ಇದರ ಅರ್ಥ. ಅರ್ಥವೇನೋ ತಿಳಿಯುತ್ತದೆ, ಆದರೆ ವಾಕ್ಯ ತಪ್ಪು. ಇದನ್ನು ಪರೀಕ್ಷಿಸಲು ಸುಲಭದ ದಾರಿ ಇದೆ. ಹಾರ್ಡ್‌ಲಿಯನ್ನು ಅದರ ಮಾಮೂಲಿ ಜಾಗಕ್ಕೆ, ಅಂದರೆ ವಾಕ್ಯದ ನಡುವೆ, ವಾಪಸ್ ಕಳಿಸಿ: ‘ಹಿ ಹ್ಯಾಡ್ ಹಾರ್ಡ್‌ಲಿ ಅರೈವ್ಡ್ ವೆನ್ ದ ಫೋನ್ ರ್‍ಯಾಂಗ್’. ಇದು ಸರಿ, ಇಲ್ಲಿ ಏನೂ ತಿರುಗಿಸಬೇಕಿಲ್ಲ. ಹಾರ್ಡ್‌ಲಿ ಮುಂದೆ ಬರಬೇಕು ಅಂದರೆ ಹ್ಯಾಡ್ ಕೂಡ ಅದರ ಬೆನ್ನಿಗೇ ಬರಬೇಕು: ‘ಹಾರ್ಡ್‌ಲಿ ಹ್ಯಾಡ್ ಹಿ ಅರೈವ್ಡ್ ವೆನ್ ದ ಫೋನ್ ರ್‍ಯಾಂಗ್’. ತಿರುಗುವುದು ಮೊದಲ ಭಾಗ ಮಾತ್ರ. ವೆನ್ ಆದಮೇಲಿನ ‘ದ ಫೋನ್ ರ್‍ಯಾಂಗ್’ ಇದ್ದ ಹಾಗೇ ಇರುತ್ತದೆ.

ಈ ವೆನ್ ಜಾಗದಲ್ಲಿ ಹಲವರು ದ್ಯಾನ್ ಹಾಕುತ್ತಾರೆ. ಅದು ‘ನೋ ಸೂನರ್’ ಜೊತೆಗಾರ. ಸೂನರ್ ಅನ್ನುವುದು ಹೋಲಿಕೆಯ ರೂಪ, ಅದಕ್ಕೇ ಅದು ದ್ಯಾನ್ ಕೇಳುತ್ತದೆ. ಹಾರ್ಡ್‌ಲಿಯಲ್ಲಿ ಹೋಲಿಕೆ ಎಲ್ಲಿದೆ? ಓದಿಕೊಂಡವರ ಬರಹದಲ್ಲೂ ‘ಹಾರ್ಡ್‌ಲಿ... ದ್ಯಾನ್’ ಸಿಗುತ್ತದೆ ನಿಜ, ಆದರೆ ತಪ್ಪು ಹುಡುಕುವ ಪರೀಕ್ಷೆಯಲ್ಲಿ ವೆನ್ ಬರೆಯುವುದೇ ಕ್ಷೇಮ.

ಹ್ಯಾಡ್ ಇದ್ದದ್ದರಿಂದ ಇಲ್ಲಿ ಕೆಲಸ ಹಗುರವಾಯಿತು. ‘ಹಿ ನೆವರ್ ಕಂಪ್ಲೇನ್ಡ್’ ಎಂಬಲ್ಲಿ ಮುಂದೆ ತರಲು ಸಹಾಯಕ ಕ್ರಿಯಾಪದವೇ ಇಲ್ಲವಲ್ಲ? ಆಗ ಪ್ರಶ್ನೆಯಲ್ಲಿ ಮಾಡುವಂತೆಯೇ ಡಿಡ್ ಕರೆತರಬೇಕು: ‘ನೆವರ್ ಡಿಡ್ ಹಿ ಕಂಪ್ಲೇನ್’. ಭೂತಕಾಲವನ್ನು ಡಿಡ್ ಹೊತ್ತುಕೊಂಡಿತು, ಹಾಗಾಗಿ ‘ಕಂಪ್ಲೇನ್ಡ್’ ಹೋಗಿ ಬರೀ ‘ಕಂಪ್ಲೇನ್’ ಉಳಿಯಿತು. ಇಲ್ಲೇ ಜಾಸ್ತಿ ಜನ ಎಡವುವುದು. ತಿರುಗಿಸಬೇಕು ಅಂತ ನೆನಪಿರುತ್ತದೆ, ಆದರೆ ‘ನೆವರ್ ಡಿಡ್ ಹಿ ಕಂಪ್ಲೇನ್ಡ್’ ಅಂತ ಎರಡೂ ಕಡೆ ಕಾಲ ತೋರಿಸಿಬಿಡುತ್ತಾರೆ. ‘ಈಸ್’, ‘ವಾಸ್’ ಇದ್ದರೆ ಡಿಡ್ ಬೇಕಿಲ್ಲ, ಅವೇ ಮುಂದೆ ಹೋಗುತ್ತವೆ.

ನಾಟ್ ಓನ್ಲಿಯಲ್ಲಿ ಇನ್ನೊಂದು ತೊಡಕಿದೆ. ‘ನಾಟ್ ಓನ್ಲಿ ಡಿಡ್ ರವಿ ಕಮ್ ಲೇಟ್, ಬಟ್ ಹಿ ಆಲ್ಸೋ ಪಿಕ್ಡ್ ಎ ಫೈಟ್’ ಸರಿಯಾದ ವಾಕ್ಯ. ರವಿ ತಡವಾಗಿ ಬಂದದ್ದಲ್ಲದೆ ಜಗಳವನ್ನೂ ತೆಗೆದ. ಬಟ್ ನಂತರ ಮತ್ತೆ ಮಾಮೂಲಿ ಕ್ರಮವೇ. ಉತ್ಸಾಹದಲ್ಲಿ ‘ಬಟ್ ಆಲ್ಸೋ ಡಿಡ್ ಹಿ’ ಅಂತ ಬರೆಯಬಾರದು. ಆದರೆ ‘ನಾಟ್ ಓನ್ಲಿ ರವಿ ಬಟ್ ಆಲ್ಸೋ ಹಿಸ್ ಬ್ರದರ್ ಕೇಮ್ ಲೇಟ್’ ಎಂಬುದೂ ಸರಿಯೇ, ಅಲ್ಲಿ ತಿರುಗಿಸಿದರೆ ತಪ್ಪು! ಯಾಕೆಂದರೆ ಈ ಸಲ ನಾಟ್ ಓನ್ಲಿ ಅಂಟಿಕೊಂಡಿರುವುದು ರವಿ ಎಂಬ ಕರ್ತೃವಿಗೆ. ಬಂದದ್ದು ರವಿಯೊಬ್ಬನೇ ಅಲ್ಲ ಅಂತ ಅಷ್ಟೇ ಹೇಳುತ್ತಿದೆ. ‘ಹಾರ್ಡ್‌ಲಿ ಎನಿವನ್ ಕೇಮ್’ ಕೂಡ ಇದೇ ಕಾರಣಕ್ಕೆ ತಿರುಗುವುದಿಲ್ಲ. ಹಾರ್ಡ್‌ಲಿ ಎನಿವನ್ ಅನ್ನುವುದೇ ಇಡಿಯಾಗಿ ಕರ್ತೃ.

ಹಾಗಾಗಿ ಮೊದಲ ಪದ ಕಂಡ ಕೂಡಲೇ ತಿರುಗಿಸುವುದಲ್ಲ, ಆ ನಿಷೇಧ ಇಡೀ ವಾಕ್ಯಕ್ಕೆ ತಗುಲುತ್ತದಾ ಅಂತ ನೋಡಬೇಕು. ‘ಅಟ್ ನೋ ಟೈಮ್ ಡಿಡ್ ಹಿ ಕಾಲ್ ಮಿ’ ಅಂದರೆ ಅವನು ಒಮ್ಮೆಯೂ ಫೋನ್ ಮಾಡಲಿಲ್ಲ. ‘ಇನ್ ನೋ ಟೈಮ್ ಹಿ ಕಾಲ್ಡ್ ಮಿ’ ಅಂದರೆ ಕ್ಷಣದಲ್ಲೇ ಫೋನ್ ಮಾಡಿದ. ಎರಡರಲ್ಲೂ ‘ನೋ ಟೈಮ್’ ಇದೆ, ಆದರೆ ಎರಡನೆಯದರಲ್ಲಿ ಫೋನ್ ಬಂದೇ ಬಂತು. ಅದಕ್ಕೇ ಅಲ್ಲಿ ಕರ್ತೃ ತನ್ನ ಜಾಗ ಬಿಟ್ಟು ಅಲ್ಲಾಡಲಿಲ್ಲ.

ಇದು ಹಳೆಯ ಇಂಗ್ಲಿಷಿನಿಂದ ಉಳಿದುಬಂದ ಕ್ರಮ. ಆಗ ವಾಕ್ಯದ ಮೊದಲಿಗೆ ಬೇರೇನಾದರೂ ಬಂದರೆ ಹಲವು ಸಲ ಕ್ರಿಯಾಪದವೇ ಎರಡನೇ ಜಾಗಕ್ಕೆ ಬರುತ್ತಿತ್ತು. ಜರ್ಮನ್, ಡಚ್ ಭಾಷೆಗಳಲ್ಲಿ ಇಂದಿಗೂ ಅದೇ ನಿಯಮ. ಇಂಗ್ಲಿಷ್ ಅದನ್ನು ಬಹುಪಾಲು ಬಿಟ್ಟುಕೊಟ್ಟಿತು, ಆದರೆ ಪ್ರಶ್ನೆ, ನಿಷೇಧದಂಥ ಕೆಲವು ಕಡೆ ಉಳಿಸಿಕೊಂಡಿತು.

ಮಾತಿನಲ್ಲಿ ಇದನ್ನು ಸುಮ್ನೆ ಬಳಸಲು ಹೋಗಬೇಡಿ. ಭಾಷಣದಲ್ಲಿ, ಕಥೆಯಲ್ಲಿ ಒತ್ತು ಕೊಡಲು ಚೆನ್ನ. ಆಫೀಸ್ ಮೇಲ್‌ನಲ್ಲಿ ‘ನೆವರ್ ಹ್ಯಾವ್ ಐ ರಿಸೀವ್ಡ್ ದ ಬಿಲ್’ ಅಂತ ಬರೆದರೆ ನಾಟಕದ ಡೈಲಾಗ್ ಥರ ಕೇಳಿಸುತ್ತದೆ. ಅಲ್ಲಿಗೆ ‘ಐ ಹ್ಯಾವ್ ನೆವರ್ ರಿಸೀವ್ಡ್ ದ ಬಿಲ್’ ಸಾಕು.