ನೇಸ್ಮಿತ್ ನಿಯಮ: ಬೆಟ್ಟದ ದಾರಿಗೆ ಹಿಡಿಯುವ ಹೊತ್ತಿನ ಲೆಕ್ಕ

ಚಾರಣಕ್ಕೆ ಹೊರಡುವ ಮುನ್ನ ‘ಎಷ್ಟು ಕಿಲೋಮೀಟರ್?’ ಎಂದು ಎಲ್ಲರೂ ಕೇಳುತ್ತಾರೆ. ‘ಒಟ್ಟು ಎಷ್ಟು ಏರಬೇಕು?’ ಎಂದು ಕೇಳುವವರು ಕಡಿಮೆ. ಬೆಟ್ಟದ ದಾರಿಯಲ್ಲಿ ಹೊತ್ತನ್ನು ನಿರ್ಧರಿಸುವುದು ಈ ಎರಡೂ ಸೇರಿ. ದೂರಕ್ಕೆ ಇಷ್ಟು ಹೊತ್ತು, ಏರಿಕೆಗೆ ಇಷ್ಟು ಹೊತ್ತು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸುವ ವಿಧಾನಕ್ಕೆ ‘ನೇಸ್ಮಿತ್ ನಿಯಮ’ ಎಂದು ಹೆಸರು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕ್ರಿಯನ್‌ಲಾರಿಚ್ ಊರಿನ ಬಳಿ ಒಂದೇ ದಿನ ಮೂರು ಬೆಟ್ಟಗಳನ್ನು ಹತ್ತಿಳಿದು, ಅದರ ಟಿಪ್ಪಣಿಯನ್ನು ಸ್ಕಾಟಿಷ್ ಮೌಂಟೇನಿಯರಿಂಗ್ ಕ್ಲಬ್ಬಿನ ಪತ್ರಿಕೆಗೆ ಬರೆದರು. ನಡೆದ ದೂರ 10 ಮೈಲಿ, ಒಟ್ಟು ಏರಿಕೆ 6,300 ಅಡಿ, ಸಣ್ಣಪುಟ್ಟ ವಿರಾಮಗಳೂ ಸೇರಿ ಹಿಡಿದದ್ದು ಆರೂವರೆ ಗಂಟೆ. ನಕ್ಷೆಯ ಮೇಲಿನ ಪ್ರತಿ 3 ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಕೆಗೆ ಇನ್ನೊಂದು ಗಂಟೆ ಎಂದು ಹಿಡಿದರೆ ಈ ಲೆಕ್ಕ ಸರಿಯಾಗಿ ಕೂಡುತ್ತದೆ ಎಂದು ಅವರು ಅಲ್ಲಿ ಸೂಚಿಸಿದರು. ಹತ್ತು ಮೈಲಿಗೆ 3 ಗಂಟೆ 20 ನಿಮಿಷ, ಏರಿಕೆಗೆ 3 ಗಂಟೆ 9 ನಿಮಿಷ, ಕೂಡಿಸಿದರೆ 6 ಗಂಟೆ 29 ನಿಮಿಷ. ಅವರದೇ ಮಾತಿನಂತೆ ಇದು ಸಾಕಷ್ಟು ದೇಹಶಕ್ತಿ ಇರುವವರು ಸುಲಭದ ದಾರಿಯಲ್ಲಿ ನಡೆಯುವಾಗಿನ ಲೆಕ್ಕ. ನಮ್ಮ ಅಳತೆಗೆ ತಂದರೆ, 5 ಕಿ.ಮೀ.ಗೆ ಒಂದು ಗಂಟೆ ಮತ್ತು 600 ಮೀಟರ್ ಏರಿಕೆಗೆ ಒಂದು ಗಂಟೆ.

ಇಲ್ಲಿ ‘ಒಟ್ಟು ಏರಿಕೆ’ ಎಂಬ ಪದವೇ ನಿಯಮದ ಜೀವಾಳ. ನೇಸ್ಮಿತ್ ಅಂದು ಹತ್ತಿದ ಬೆಟ್ಟಗಳಲ್ಲಿ ಅತ್ಯಂತ ಎತ್ತರದ್ದಾದ ಬೆನ್ ಮೋರ್‌ನ ಎತ್ತರ ಸಮುದ್ರಮಟ್ಟದಿಂದ 1,174 ಮೀಟರ್, ಅಂದರೆ ನಾಲ್ಕು ಸಾವಿರ ಅಡಿಯೂ ಇಲ್ಲ. ಆದರೂ ಅವರ ಏರಿಕೆ 6,300 ಅಡಿಯಾಯಿತು, ಏಕೆಂದರೆ ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ನಡುವಿನ ತಗ್ಗಿಗೆ ಇಳಿದು, ಕಳೆದುಕೊಂಡ ಎತ್ತರವನ್ನು ಮತ್ತೆ ಹತ್ತಬೇಕಾಯಿತು. ಶಿಖರದ ಎತ್ತರದಿಂದ ಬುಡದ ಎತ್ತರವನ್ನು ಕಳೆದು ಅದನ್ನೇ ಏರಿಕೆ ಎಂದುಕೊಳ್ಳುವುದು ಈ ಲೆಕ್ಕದಲ್ಲಿ ಅತಿ ಹೆಚ್ಚು ಆಗುವ ತಪ್ಪು.

ಒಟ್ಟು ಏರಿಕೆಯನ್ನು ಕಂಡುಕೊಳ್ಳಲು ನನಗೆ ಹಿಡಿಸುವ ದಾರಿ ಕಾಗದದ ನಕ್ಷೆ ಮತ್ತು ಪೆನ್ಸಿಲ್. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಗಳಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಜೋಡಿಸುವ ಕಂದು ಬಣ್ಣದ ಗೆರೆಗಳಿರುತ್ತವೆ; ಸಾಮಾನ್ಯವಾಗಿ ಒಂದು ಗೆರೆಗೂ ಮುಂದಿನದಕ್ಕೂ 20 ಮೀಟರ್ ಎತ್ತರದ ಅಂತರ. ಕಾಲುದಾರಿಯ ಉದ್ದಕ್ಕೂ ಪೆನ್ಸಿಲ್ ಮೊನೆಯನ್ನು ಸರಿಸುತ್ತ, ಮೇಲೇರುವಾಗ ದಾಟುವ ಗೆರೆಗಳನ್ನು ಮಾತ್ರ ಎಣಿಸಬೇಕು. 600 ಮೀಟರಿಗೆ 60 ನಿಮಿಷ ಎಂದಾದರೆ ದಾಟಿದ ಪ್ರತಿ ಗೆರೆಗೆ 2 ನಿಮಿಷ ಬರುತ್ತದೆ. ಎರಡು ಗೆರೆಗಳ ನಡುವೆ ಅಡಗಿರುವ ಹತ್ತು ಹದಿನೈದು ಮೀಟರಿನ ಉಬ್ಬುತಗ್ಗುಗಳು ಈ ಎಣಿಕೆಗೆ ಸಿಗುವುದಿಲ್ಲ. ಮೊಬೈಲ್ ದಾಖಲೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ದೋಷವಿರಬಹುದು: ಸಮತಟ್ಟಾದ ಜಾಗದಲ್ಲೂ ಜಿಪಿಎಸ್ ತೋರಿಸುವ ಎತ್ತರ ಅತ್ತಿತ್ತ ಅಲುಗುವುದರಿಂದ ಇಲ್ಲದ ಏರಿಕೆಯೂ ಮೊತ್ತಕ್ಕೆ ಸೇರಿಬಿಡುತ್ತದೆ.

ಈಗ ನಮಗೆ ಪರಿಚಿತವಾದ ಕುಮಾರಪರ್ವತವನ್ನೇ ತೆಗೆದುಕೊಳ್ಳೋಣ. ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ, ಶಿಖರ 1,712 ಮೀಟರ್. ಭಟ್ಟರ ಮನೆಯ ಮೂಲಕ ಹೋಗುವ ದಾರಿ ಒಂದು ಕಡೆಗೆ ಸುಮಾರು 13 ಕಿ.ಮೀ. ನೇರ ವ್ಯತ್ಯಾಸ 1,600 ಮೀಟರಿಗೆ ಸ್ವಲ್ಪ ಕಡಿಮೆ. ಆದರೆ ಬಿಸಿಲಿನ ಹುಲ್ಲುಗಾವಲನ್ನು ದಾಟಿ ಶೇಷಪರ್ವತದ ಅಂಚಿಗೆ ಬಂದಾಗ, ಮುಂದಿನ ಶಿಖರ ಎದುರಿಗೇ ಕಾಣುತ್ತಿದ್ದರೂ ನಡುವೆ ಕಾಡು ತುಂಬಿದ ತಗ್ಗೊಂದು ಕಣ್ಣಿಗೆ ಬೀಳುತ್ತದೆ. ಹತ್ತಿದ್ದನ್ನು ಇಳಿದು ಮತ್ತೆ ಹತ್ತಬೇಕೆಂದು ತಿಳಿಯುವ ಆ ಕ್ಷಣದಲ್ಲಿ ಕಾಲು ನಿಜವಾಗಿಯೂ ಸೋಲುತ್ತದೆ. ಇಂಥ ತಗ್ಗುಗಳಿಗೆ ಅಂದಾಜು 100 ಮೀಟರ್ ಸೇರಿಸಿ ಒಟ್ಟು ಏರಿಕೆ 1,700 ಮೀಟರ್ ಎಂದು ಹಿಡಿಯೋಣ. ದೂರಕ್ಕೆ 2 ಗಂಟೆ 36 ನಿಮಿಷ, ಏರಿಕೆಗೆ 2 ಗಂಟೆ 50 ನಿಮಿಷ, ಒಟ್ಟು 5 ಗಂಟೆ 26 ನಿಮಿಷ. ದೂರವನ್ನಷ್ಟೇ ನೋಡಿ ಹೊರಟವನು ಅರ್ಧಕ್ಕಿಂತ ಕಡಿಮೆ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರುತ್ತಾನೆ.

ಮೂಲ ನಿಯಮದಲ್ಲಿ ಇಳಿಜಾರಿಗೆಂದು ಬೇರೆ ಹೊತ್ತಿಲ್ಲ. ಅದನ್ನು ಸಮತಟ್ಟು ನೆಲದಂತೆಯೇ ಎಣಿಸಲಾಗುತ್ತದೆ. ಇದು ಅದರ ದೊಡ್ಡ ಕೊರತೆ. ಮುಂದೆ ಸ್ಕಾಟ್ಲೆಂಡಿನವರೇ ಆದ ಎರಿಕ್ ಲ್ಯಾಂಗ್ಮುಯರ್ ಇದಕ್ಕೊಂದು ತಿದ್ದುಪಡಿ ಕೊಟ್ಟರು: 5ರಿಂದ 12 ಡಿಗ್ರಿಯ ಹದವಾದ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಬೇಕು, 12 ಡಿಗ್ರಿಗಿಂತ ಕಡಿದಾಗಿದ್ದರೆ 10 ನಿಮಿಷ ಕೂಡಿಸಬೇಕು. ಕುಮಾರಪರ್ವತದಿಂದ ಹಿಂದಿರುಗುವಾಗ 13 ಕಿ.ಮೀ.ಗೆ 2 ಗಂಟೆ 36 ನಿಮಿಷ, ಆ ತಗ್ಗುಗಳಲ್ಲಿ ಮತ್ತೆ ಹತ್ತುವ 100 ಮೀಟರಿಗೆ 10 ನಿಮಿಷ. ಕಡಿದಾದ ಇಳಿತ ಒಟ್ಟು 900 ಮೀಟರ್ ಇದೆ ಎಂದಿಟ್ಟುಕೊಂಡರೆ ಅದಕ್ಕೆ 30 ನಿಮಿಷ, ಅಲ್ಲಿಗೆ 3 ಗಂಟೆ 16 ನಿಮಿಷ. ಹದವಾದ ಇಳಿಜಾರಿಗಾಗಿ ಕಳೆಯುವ ನಿಮಿಷಗಳನ್ನು ನಾನು ಪಶ್ಚಿಮ ಘಟ್ಟದಲ್ಲಿ ಕಳೆಯುವುದಿಲ್ಲ. ಬೇರುಗಳು, ಉರುಳುಕಲ್ಲುಗಳು ಮತ್ತು ಒದ್ದೆ ತರಗೆಲೆಗಳ ಮೇಲೆ ದಣಿದ ಮೊಣಕಾಲಿನಿಂದ ಬೇಗ ಇಳಿಯಬಹುದು ಎಂಬ ಭರವಸೆ ನನಗಿಲ್ಲ.

ಹೀಗೆ ಹೋಗಿಬರುವುದಕ್ಕೆ 8 ಗಂಟೆ 42 ನಿಮಿಷವಾಯಿತು. ಇದು ಚುರುಕಾದ ನಡಿಗೆಯವರ ಹೊತ್ತು. ಸ್ಕಾಟ್ಲೆಂಡಿನ ತಂಪು ಹವೆಯ ಬಯಲು ಬೆಟ್ಟಗಳಿಗೆ ಹೊಂದಿದ ಈ ಲೆಕ್ಕದಲ್ಲಿ ನಮ್ಮ ಕಾಡಿನ ಸೆಖೆ, ನೀರಿನ ಭಾರ, ಇಂಬಳ ಕೀಳಲು ನಿಲ್ಲುವ ಹೊತ್ತು ಯಾವುದೂ ಇಲ್ಲ. ಅದಕ್ಕಾಗಿ ಬಂದ ಉತ್ತರವನ್ನು ತಮ್ಮದೇ ಗುಣಕವೊಂದರಿಂದ ಹೆಚ್ಚಿಸಿಕೊಳ್ಳಬೇಕು. 1.3 ಎಂದು ಹಿಡಿದರೆ ಏರುವುದಕ್ಕೇ 7 ಗಂಟೆ, ಹೋಗಿಬರಲು 11 ಗಂಟೆ 19 ನಿಮಿಷ. ಬೆಳಿಗ್ಗೆ 6ಕ್ಕೆ ಹೊರಟವರು ಎಲ್ಲಿಯೂ ಕೂರದೆ ನಡೆದರೂ ಸಂಜೆ 5.20ರ ಹೊತ್ತಿಗೆ ಕೆಳಗಿರುತ್ತಾರೆ. ಊಟ ಮತ್ತು ವಿರಾಮಕ್ಕೆ ಒಂದೂವರೆ ಗಂಟೆ ಸೇರಿಸಿದರೆ ಕೊನೆಯ ಕಾಡುದಾರಿ ಕತ್ತಲಿನದಾಗುತ್ತದೆ.

ಆ ಗುಣಕ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರದ್ದಾಗಿರಬೇಕು, ಮತ್ತು ಅದನ್ನು ಊಹಿಸುವುದಕ್ಕಿಂತ ಅಂದೇ ದಾರಿಯಲ್ಲಿ ಅಳೆಯುವುದು ಉತ್ತಮ. ನಕ್ಷೆಯಲ್ಲಿ ಖಚಿತವಾಗಿ ಗುರುತಿಸಬಲ್ಲ ಮೊದಲ ಜಾಗಕ್ಕೆ, ಒಂದು ಹಳ್ಳದ ದಾಟಿಗೋ ಒಂಟಿ ಮನೆಗೋ, ಮುಂಚೆಯೇ ಹೊತ್ತು ಬರೆದಿಟ್ಟುಕೊಳ್ಳಬೇಕು. ಅಲ್ಲಿಯವರೆಗೆ 5 ಕಿ.ಮೀ. ದೂರ, 500 ಮೀಟರ್ ಏರಿಕೆ ಇದ್ದರೆ ನಿಯಮದ ಪ್ರಕಾರ 110 ನಿಮಿಷ. ಕುಳಿತ ಹೊತ್ತನ್ನು ಕಳೆದ ಮೇಲೂ ಗಡಿಯಾರ 150 ನಿಮಿಷ ತೋರಿಸಿದರೆ ಅಂದಿನ ಗುಣಕ ಸುಮಾರು 1.36. ಉಳಿದ ದಾರಿಯ ಲೆಕ್ಕವನ್ನೆಲ್ಲ ಅಲ್ಲೇ ಅದರಿಂದ ಗುಣಿಸಿ, ಬೆಳಕಿರುವಾಗಲೇ ಕೆಳಗಿಳಿಯಲು ಎಷ್ಟು ಗಂಟೆಗೆ ತಿರುಗಬೇಕೆಂದು ನಕ್ಷೆಯ ಅಂಚಿನಲ್ಲಿ ಬರೆದುಕೊಂಡು ಮುಂದೆ ನಡೆಯಬೇಕು.